ಅಣ್ಣ ತೋಟ ಮಾರಲು ಅಡ್ವಾನ್ಸ್ ತಗೊಂಡಿದ್ದಾನೆ. ಕೇವಿಯಟ್ ಹಾಕಿದರೆ ನಿಲ್ಲುತ್ತಾ?

ಕಲ್ಪತರು ನಾಡಿನವಳು
ಎಲ್ಲರಿಗೂ ನಮಸ್ಕಾರ. ತಿಪಟೂರು ತಾಲ್ಲೂಕಿನಲ್ಲಿ ನಮ್ಮ ಅಪ್ಪನ ಹೆಸರಿಗೆ 3 ಎಕರೆ 30 ಗುಂಟೆ ತೆಂಗಿನ ತೋಟ ಇತ್ತು. ತಾತನ ಕಾಲದಿಂದ ಬಂದ ಜಮೀನು. ಅಮ್ಮ ಮೊದಲೇ ಹೋಗಿದ್ದರು. ಅಪ್ಪ 2011ರಲ್ಲಿ ತೀರಿಕೊಂಡರು, ವಿಲ್ ಬರೆದಿರಲಿಲ್ಲ. ನಾವು ಮೂರು ಜನ ಮಕ್ಕಳು: ಅಣ್ಣ, ಅಕ್ಕ, ನಾನು. ಅಪ್ಪ ಹೋದ ಮೇಲೆ ಅಣ್ಣ ಪೌತಿ ಖಾತೆ ಮಾಡಿಸಿಕೊಂಡ. ವಂಶವೃಕ್ಷದಲ್ಲಿ ನಮ್ಮಿಬ್ಬರ ಹೆಸರೂ ಇದೆ. ಆದರೆ ಪಹಣಿಯಲ್ಲಿ ಅವನದು ಮಾತ್ರ. ಆಗ ಯಾರೂ ತಕರಾರು ಎತ್ತಲಿಲ್ಲ. ತೋಟ ನೋಡಿಕೊಳ್ಳುವವನು ಅವನೇ ಅಲ್ವಾ ಎಂದು ಸುಮ್ಮನಿದ್ದೆವು.

ಈಗ ಬೆಂಗಳೂರಿನ ಒಬ್ಬರಿಗೆ ಇಡೀ ತೋಟ ಮಾರಲು ಕರಾರು ಮಾಡಿಕೊಂಡು ಅಡ್ವಾನ್ಸ್ ತಗೊಂಡಿದ್ದಾನೆ. ಊರಿನ ಚಿಕ್ಕಪ್ಪ ಫೋನ್ ಮಾಡಿ ಹೇಳಿದ್ದು. ಅಣ್ಣನನ್ನು ಕೇಳಿದರೆ "ನಿಮ್ಮ ಮದುವೆಗೆ ಬಂಗಾರ ಹಾಕಿದ್ದೀವಿ, ಇನ್ನೇನು ಪಾಲು" ಎನ್ನುತ್ತಾನೆ. ಪರಿಚಯದವರೊಬ್ಬರು "ಕೋರ್ಟಿನಲ್ಲಿ ಒಂದು ಕೇವಿಯಟ್ ಹಾಕಿಬಿಡಿ, ರಿಜಿಸ್ಟ್ರೇಶನ್ ಆಗೋದೇ ಇಲ್ಲ, ಖರ್ಚೂ ಕಮ್ಮಿ" ಎಂದರು. ಇದು ನಿಜವಾ? ಹಾಕುವುದಾದರೆ ಬೆಂಗಳೂರಿನಲ್ಲೇ ಹಾಕಬಹುದಾ?

ಮಂಡ್ಯ ಗೌಡ
ಹಾಕಿ ಮೇಡಂ. ಕೇವಿಯಟ್ ಹಾಕಿದರೆ ನಿಮ್ಮನ್ನು ಕೇಳದೆ ಏನೂ ಮಾಡೋಕಾಗಲ್ಲ. ನಮ್ಮ ಮಾವನವರೂ ಹಾಗೇ ಮಾಡಿದ್ದರು.

ಹಾಸನದ ವಕೀಲ
ಗೌಡರೇ, ನಿಮ್ಮ ಮಾತಿನ ಮೊದಲ ಅರ್ಧ ಸರಿ, ಅದೂ ಬೇರೆ ಜಾಗದಲ್ಲಿ. ಕೇವಿಯಟ್ ಹಾಕಿದವರನ್ನು ಕೇಳದೆ ಏನೂ ಮಾಡಬಾರದು ಎನ್ನುವ ಕಟ್ಟು ಬೀಳುವುದು ಕೋರ್ಟಿಗೆ. ಅಣ್ಣನಿಗೂ ಇಲ್ಲ, ಸಬ್ ರಿಜಿಸ್ಟ್ರಾರಿಗೂ ಇಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆ, ಅಂದರೆ ಸಿಪಿಸಿಯ 148ಎ ಹೇಳುವುದು ಇಷ್ಟು: ಯಾರೋ ನಿಮ್ಮ ವಿರುದ್ಧ ಕೋರ್ಟಿಗೆ ಅರ್ಜಿ ಹಾಕುತ್ತಾರೆ ಎಂದು ನಿಮಗೆ ಅನುಮಾನವಿದ್ದರೆ, "ನನಗೆ ತಿಳಿಸದೆ ಆದೇಶ ಕೊಡಬೇಡಿ" ಎಂದು ಮೊದಲೇ ಹೇಳಿಟ್ಟಿರಬಹುದು. ಅದರ ಆಯಸ್ಸು 90 ದಿನ. ನಿಮ್ಮ ಅಣ್ಣ ತೋಟ ಮಾರಲು ಕೋರ್ಟಿಗೆ ಹೋಗುವುದಿಲ್ಲ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗುತ್ತಾರೆ. ಅಲ್ಲಿ ನಿಮ್ಮ ಕೇವಿಯಟ್ ಕೇಳುವವರೇ ಇಲ್ಲ. ನೀವು ನಿರಾಳವಾಗಿ ಮನೆಯಲ್ಲಿರುತ್ತೀರಿ, ಕ್ರಯಪತ್ರ ರಿಜಿಸ್ಟರ್ ಆಗಿರುತ್ತದೆ. ಇಂಥ ಕೇಸು ನನ್ನ ಮುಂದೆ ತುಂಬಾ ಬಂದಿವೆ, ಅದಕ್ಕೇ ಖಾರವಾಗಿ ಹೇಳುತ್ತಿದ್ದೇನೆ.

ನಿಮಗೆ ಬೇಕಾಗಿರುವುದು ಪಾಲುವಿಭಾಗದ ದಾವೆ. ಅದರ ಜೊತೆಯಲ್ಲೇ ಸಿಪಿಸಿಯ ಆರ್ಡರ್ 39 ರೂಲ್ 1 ಮತ್ತು 2ರ ಕೆಳಗೆ ತಾತ್ಕಾಲಿಕ ತಡೆಯಾಜ್ಞೆ ಕೇಳುವ ಮಧ್ಯಂತರ ಅರ್ಜಿ. ಬೆಂಗಳೂರಿನಲ್ಲಿ ಆಗುವುದಿಲ್ಲ, ಜಮೀನು ಇರುವ ಕಡೆಯ ಕೋರ್ಟಿನಲ್ಲೇ ಹಾಕಬೇಕು.

ಬಯಲುಸೀಮೆ ರೈತ
ಒಂದು ಕಡೆಯ ಮಾತು ಕೇಳಿ ಎಲ್ಲರೂ ಅಣ್ಣನ ಮೇಲೆ ಬಿದ್ದಿದ್ದೀರಿ. ಅಪ್ಪನ ಸೊಸೈಟಿ ಸಾಲ ತೀರಿಸಿದ್ದು ಯಾರು? ಬೋರ್‌ವೆಲ್ ಕೊರೆಸಿದ್ದು ಯಾರು? ಮಳೆ ಕೈಕೊಟ್ಟಾಗ ಟ್ಯಾಂಕರ್ ನೀರು ಹಾಕಿ ಮರ ಉಳಿಸಿದ್ದು ಯಾರು? ಊರು ಬಿಟ್ಟು ಹೋದವರಿಗೆ ರೇಟು ಬಂದಾಗ ಮಾತ್ರ ತೋಟದ ನೆನಪು ಬರುತ್ತದೆ.

ಕಲ್ಪತರು ನಾಡಿನವಳು
ಸರ್, ಅವನು ದುಡಿದಿಲ್ಲ ಎಂದು ನಾನು ಹೇಳಿಲ್ಲ. ಅಪ್ಪ ಕಾಯಿಲೆ ಬಿದ್ದಾಗ ಆಸ್ಪತ್ರೆಯಲ್ಲಿ ಇದ್ದವಳು ಅಕ್ಕ. ಕೊಬ್ಬರಿ ದುಡ್ಡಿನಲ್ಲಿ ನಾವು ಒಂದು ರೂಪಾಯಿ ಕೇಳಿಲ್ಲ. ತೋಟ ಇಟ್ಟುಕೊಳ್ಳಲಿ ಎಂದೇ ಇದ್ದೆವು. ಮಾರುವುದಾದರೆ ನಮಗೆ ಹೇಳಬೇಕಿತ್ತಲ್ಲ?

ಹಾಸನದ ವಕೀಲ
ರೈತರ ಪ್ರಶ್ನೆಯಲ್ಲಿ ನ್ಯಾಯ ಇದೆ. ಅಣ್ಣ ತೀರಿಸಿದ ಸಾಲ, ಮಾಡಿದ ಖರ್ಚು ಎಲ್ಲ ಲೆಕ್ಕ ಹಾಕುವಾಗ ಎತ್ತಬಹುದು, ಅದಕ್ಕೆ ದಾಖಲೆ ಬೇಕು. ಆದರೆ ಖರ್ಚು ಮಾಡಿದ್ದರಿಂದ ತಂಗಿಯರ ಪಾಲು ಅಳಿಸಿಹೋಗುವುದಿಲ್ಲ. ಮದುವೆಯ ಬಂಗಾರವೂ ಹಾಗೇ.

ಇವರ ಪಾಲಿನ ಲೆಕ್ಕ ಸುಲಭ. ಪಿತ್ರಾರ್ಜಿತ ಎಂದಿಟ್ಟುಕೊಳ್ಳಿ. ಅಪ್ಪ, ಮೂರು ಮಕ್ಕಳು ಸೇರಿ ನಾಲ್ಕು ಪಾಲು. ಅಪ್ಪನ ಕಾಲು ಭಾಗ ಮತ್ತೆ ಮೂವರಿಗೆ ಹಂಚಿಹೋಗುತ್ತದೆ. ಕೊನೆಗೆ ಒಬ್ಬೊಬ್ಬರಿಗೆ ಮೂರನೇ ಒಂದು. ಅಪ್ಪನ ಸ್ವಯಾರ್ಜಿತ ಎಂದರೂ ವಿಲ್ ಇಲ್ಲದ್ದರಿಂದ ಮೂರನೇ ಒಂದೇ. ಒಟ್ಟು 150 ಗುಂಟೆ, ಅಂದರೆ ತಲಾ 50 ಗುಂಟೆ, 1 ಎಕರೆ 10 ಗುಂಟೆ. ಅಣ್ಣ ತನ್ನ 50 ಗುಂಟೆಯ ಹಕ್ಕು ಮಾರಿಕೊಳ್ಳಬಹುದು. ಮಿಕ್ಕ 100 ಗುಂಟೆ ಅವರದ್ದಲ್ಲ. ಪೌತಿ ಖಾತೆ ಕಂದಾಯ ಕಟ್ಟುವುದಕ್ಕೆ ಮಾಡಿದ ಏರ್ಪಾಡು. ಅದರಿಂದ ಮಾಲೀಕತ್ವ ಬರುವುದಿಲ್ಲ.

ಮಂಡ್ಯ ಗೌಡ
ಹೆಣ್ಣುಮಕ್ಕಳಿಗೆ 1994ಕ್ಕಿಂತ ಮುಂಚೆ ಮದುವೆ ಆಗಿದ್ದರೆ ಪಿತ್ರಾರ್ಜಿತದಲ್ಲಿ ಹಕ್ಕಿಲ್ಲ. ಇದು ಕರ್ನಾಟಕದ ಕಾನೂನು. ಅಕ್ಕನ ಮದುವೆ ಯಾವಾಗ ಆಯ್ತು ಮೊದಲು ಕೇಳಿ.

ಹಾಸನದ ವಕೀಲ
ಹಿಂದೆ ಹಿಂದೂ ಉತ್ತರಾಧಿಕಾರ ಕಾಯಿದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿಯಲ್ಲಿ ಹಾಗೆ ಇತ್ತು, ದಿನಾಂಕ 30-7-1994. 2005ರ ಕೇಂದ್ರ ತಿದ್ದುಪಡಿ ಬಂದ ಮೇಲೆ ಮದುವೆಯ ದಿನಾಂಕಕ್ಕೆ ಬೆಲೆ ಇಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಕೇಸಿನಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ಅಪ್ಪ ಬದುಕಿರಲೇಬೇಕು ಎಂದಿಲ್ಲ ಎಂದು ಹೇಳಿತು. ಇವರ ಅಪ್ಪ 2011ರವರೆಗೆ ಇದ್ದರು, ಹಾಗಾಗಿ ಆ ಚರ್ಚೆಯೂ ಬೇಡ. ನೋಡಬೇಕಾದ ದಿನಾಂಕ 20-12-2004. ಅದಕ್ಕಿಂತ ಮೊದಲು ಮಾರಾಟವಾಗಿದ್ದರೆ ಅಥವಾ ರಿಜಿಸ್ಟರ್ ವಿಭಾಗ ಆಗಿದ್ದರೆ ಅದನ್ನು ಕೆದಕಲು ಆಗುವುದಿಲ್ಲ. ಇವರ ಮನೆಯಲ್ಲಿ ಅಂಥದ್ದೇನೂ ಇಲ್ಲ.

ತಂಗೀ, ಒಂದು ಮುಖ್ಯ ಪ್ರಶ್ನೆ. ನೀವಾಗಲಿ ಅಕ್ಕನಾಗಲಿ ಯಾವುದಾದರೂ ಕಾಗದಕ್ಕೆ ಸಹಿ ಹಾಕಿದ್ದೀರಾ?

ಕಲ್ಪತರು ನಾಡಿನವಳು
ನಾನು ಹಾಕಿಲ್ಲ. ಅಕ್ಕ ಖಾತೆ ಮಾಡಿಸುವಾಗ ಒಂದು ಛಾಪಾ ಕಾಗದಕ್ಕೆ ಸಹಿ ಹಾಕಿದ್ದಳಂತೆ, "ಅಣ್ಣನ ಹೆಸರಿಗೆ ಖಾತೆ ಮಾಡಲು ನನ್ನ ತಕರಾರಿಲ್ಲ" ಎಂದು. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅವಳು ಹೋಗಿಲ್ಲ.

ಹಾಸನದ ವಕೀಲ
ಹಾಗಾದರೆ ಭಯ ಬೇಡ. ಜಮೀನಿನ ಹಕ್ಕು ಬಿಡುವ ಪತ್ರ ರಿಜಿಸ್ಟರ್ ಆಗಲೇಬೇಕು. ಆ ಕಾಗದವನ್ನು ಎದುರಿನವರು ಖಂಡಿತ ಹಾಜರು ಮಾಡುತ್ತಾರೆ. ಹಾಗಾಗಿ ನಿಮ್ಮ ವಕೀಲರಿಗೆ ಈಗಲೇ ಹೇಳಿ, ದಾವೆಯಲ್ಲೇ ಬರೆಯಲಿ. ಬಚ್ಚಿಟ್ಟರೆ ಕೆಟ್ಟ ಹೆಸರು.

ಮಸ್ಕತ್ ಕನ್ನಡಿಗ
ನನ್ನದೂ ಇದೇ ಸಮಸ್ಯೆ. ಬೆಂಗಳೂರಿನ ಮನೆಯ ಬಾಡಿಗೆದಾರ ಖಾಲಿ ಮಾಡುತ್ತಿಲ್ಲ. ಅವನ ಮೇಲೆ ಕೇವಿಯಟ್ ಹಾಕಿ ಖಾಲಿ ಮಾಡಿಸಬಹುದಾ?

ನಿವೃತ್ತ ಶಿರಸ್ತೇದಾರ
ಮಸ್ಕತ್ತಿನವರೇ, ನಿಮ್ಮದು ಖಾಲಿ ಮಾಡಿಸುವ ದಾವೆ. ಕೇವಿಯಟ್‌ನಿಂದ ಯಾರನ್ನೂ ಖಾಲಿ ಮಾಡಿಸಲು ಆಗಲ್ಲ. ಬೇರೆ ಚರ್ಚೆ ಶುರು ಮಾಡಿ, ಹೇಳುತ್ತೇನೆ.

ಆ ತಂಗಿಗೆ ಒಂದು ಮಾತು. ಕೋರ್ಟಿನ ಆಫೀಸಿನಲ್ಲಿ ಕೂತು ನೋಡಿದವನಾಗಿ ಹೇಳುತ್ತಿದ್ದೇನೆ. ಜಮೀನು ಮಾರಲು ಹೊರಟವರು ಬುದ್ಧಿವಂತರಾಗಿದ್ದರೆ ಕೇವಿಯಟ್ ಹಾಕುವವರು ಅವರೇ. ತಂಗಿ ಸ್ಟೇ ತರಬಹುದು ಎಂದು ಅವರಿಗೆ ಗೊತ್ತಿರುತ್ತದೆ. ತಾವು ಬರುವವರೆಗೆ ಆದೇಶ ಆಗದಿರಲಿ ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ನೀವು ದಾವೆ ಹಾಕಿ, ಅವರಿಗೆ ನೋಟಿಸ್ ಹೋಗಿ, ವಾಯಿದೆ ತಗೊಂಡು, ಆ ಸಂದಿಯಲ್ಲಿ ರಿಜಿಸ್ಟ್ರೇಶನ್ ಮುಗಿಸುತ್ತಾರೆ. ಕೇವಿಯಟ್ ಹಾಕಿದವರು ಎದುರಿನವರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ನೋಟಿಸ್ ಕಳಿಸಬೇಕು. ಅಂಚೆ ಬಂದರೆ ತಿರಸ್ಕರಿಸಬೇಡಿ, ತಗೊಳ್ಳಿ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ Caveat Search ಎಂದು ಇದೆ. ಅಲ್ಲೂ ಅಣ್ಣನ ಹೆಸರು ಹಾಕಿ ಹುಡುಕಿ.

ದಾವಣಗೆರೆ ಅಕ್ಕ
ಶಿರಸ್ತೇದಾರರ ಮಾತು ನೂರಕ್ಕೆ ನೂರು. ನಮ್ಮ ಚಿಕ್ಕಪ್ಪ ಮಾಡಿದ್ದು ಅದನ್ನೇ.

ಶಿರಸಿ ಭಟ್ಟ
ಇನ್ನೊಂದು ಸುಳಿವು. ಸರ್ವೆ ನಂಬರಿನ ಒಂದು ತುಂಡು ಮಾತ್ರ ಮಾರುವುದಾದರೆ 11ಇ ನಕ್ಷೆ ಬೇಕು. ಸರ್ವೆಯರ್ ಬಂದು ಅಳತೆ ಮಾಡಿದರು ಎಂದರೆ ರಿಜಿಸ್ಟ್ರೇಶನ್ ಹತ್ತಿರ ಬಂತು ಎಂದು ಅರ್ಥ. ಇಡೀ ನಂಬರ್ ಮಾರುವಾಗ ಆ ಸುಳಿವೂ ಸಿಗುವುದಿಲ್ಲ.

ಕಲ್ಪತರು ನಾಡಿನವಳು
ಶಿರಸ್ತೇದಾರ್ ಸರ್, ನೀವು ಹೇಳಿದ ಹಾಗೇ ಆಯ್ತು. ಇವತ್ತು ರಿಜಿಸ್ಟರ್ ಪೋಸ್ಟ್ ಬಂದಿದೆ. ಅಣ್ಣ ತಿಪಟೂರಿನ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಿನಲ್ಲಿ ಕೇವಿಯಟ್ ಹಾಕಿದ್ದಾನೆ. ನೋಡಿದಾಗ ಕೈ ನಡುಗಿತು. ಎದುರುದಾರಳಾಗಿ ನನ್ನ ಹೆಸರು ಮಾತ್ರ ಇದೆ, ಅಕ್ಕನದು ಇಲ್ಲ. ಈಗ ನಾವು ದಾವೆ ಹಾಕಲು ಆಗುವುದಿಲ್ಲವಾ?

ಮಂಡ್ಯ ಗೌಡ
ಸುಲಭ ಇದೆ. ಅಕ್ಕನ ಕೈಯಲ್ಲಿ ದಾವೆ ಹಾಕಿಸಿ. ಕೇವಿಯಟ್ ಅವರ ಮೇಲೆ ಇಲ್ಲವಲ್ಲ. ಅಣ್ಣನಿಗೆ ಗೊತ್ತಾಗುವ ಮುಂಚೆ ಸ್ಟೇ ಸಿಗುತ್ತದೆ.

ನಿವೃತ್ತ ಶಿರಸ್ತೇದಾರ
ಆಫೀಸಿನಲ್ಲಿ ಹೆಸರು ನೋಡಿಯೇ ತಾಳೆ ಹಾಕುತ್ತಾರೆ, ಅದು ನಿಜ. ಅಕ್ಕನ ಹೆಸರಿನಲ್ಲಿ ಬಂದರೆ "ಕೇವಿಯಟ್ ಇಲ್ಲ" ಎಂದು ಷರಾ ಬೀಳುವ ಸಾಧ್ಯತೆ ಇದೆ.

ಹಾಸನದ ವಕೀಲ
ಸಿಗಬಹುದು. ನಾನಾದರೆ ಮಾಡುವುದಿಲ್ಲ. ತಂಗಿಯ ಕೈಯಲ್ಲಿ ಕೇವಿಯಟ್ ನೋಟಿಸ್ ಇದೆ, ಅದೇ ಜಮೀನು, ಅದೇ ಜಗಳ. ಅದನ್ನು ಮುಚ್ಚಿಟ್ಟು ಆದೇಶ ತಗೊಂಡರೆ ಮುಂದಿನ ವಾರ ಅಣ್ಣನ ವಕೀಲರು ನೋಟಿಸಿನ ರಸೀದಿ ಹಿಡಿದು ಬರುತ್ತಾರೆ. ಮುಖ್ಯ ವಿಷಯದಲ್ಲಿ ಗೊತ್ತಿದ್ದೂ ದಾರಿ ತಪ್ಪಿಸಿ ಏಕಪಕ್ಷೀಯ ಆದೇಶ ಪಡೆದಿದ್ದರೆ ಅದನ್ನು ತೆಗೆದುಹಾಕಬೇಕು ಎಂದು ಆರ್ಡರ್ 39 ರೂಲ್ 4ರಲ್ಲೇ ಇದೆ. ಒಮ್ಮೆ ಆದೇಶ ತೆರವಾದರೆ ಅದೇ ಜಡ್ಜ್ ಮುಂದೆ ಮತ್ತೆ ಕೇಳುವುದು ಎಷ್ಟು ಕಷ್ಟ ಗೊತ್ತಾ?

ಕೇವಿಯಟ್ ಇದ್ದರೆ ದಾವೆ ಹಾಕಲು ಅಡ್ಡಿ ಇಲ್ಲ, ಆದೇಶ ಕೊಡಲೂ ಅಡ್ಡಿ ಇಲ್ಲ. ಅವರನ್ನು ಕೇಳಿ ಕೊಡಬೇಕು, ಅಷ್ಟೇ. ಹಾಗಾಗಿ ಆ ಕೇಳುವ ಕೆಲಸವನ್ನೇ ಬೇಗ ಮುಗಿಸಿ. ದಾವೆ, ಮಧ್ಯಂತರ ಅರ್ಜಿ, ಅಫಿಡವಿಟ್, ದಾಖಲೆಗಳ ಪೂರ್ತಿ ಒಂದು ಸೆಟ್ಟನ್ನು ದಾವೆ ಹಾಕುವ ದಿನವೇ ಕೇವಿಯಟ್‌ನಲ್ಲಿ ಹೆಸರಿರುವ ವಕೀಲರಿಗೆ ತಲುಪಿಸಿ ಸಹಿ ತಗೊಳ್ಳಿ. ತುರ್ತು ಇದೆ ಎಂದು ಮೆಮೊ ಹಾಕಿ ಅವತ್ತೇ ಅಥವಾ ಮರುದಿನ ಕೇಸು ಕರೆಸಿ. ಅವರು ಬಂದು ತಕರಾರು ಬರೆಯಲು ವಾಯಿದೆ ಕೇಳುತ್ತಾರೆ. ಕೇಳುವುದು ಅವರ ಹಕ್ಕು. ಆಗ ನಿಮ್ಮ ವಕೀಲರು ಬಿಡಬಾರದು: "ವಾಯಿದೆ ಕೊಡಿ ಸ್ವಾಮಿ, ಅಲ್ಲಿಯವರೆಗೆ ಮಾರುವುದಿಲ್ಲ ಎಂದು ಅವರು ಬರೆದುಕೊಡಲಿ, ಇಲ್ಲ ಯಥಾಸ್ಥಿತಿ ಆದೇಶ ಮಾಡಿ." ಬರೆದುಕೊಡಲು ಹಿಂದೆ ಸರಿದರೆ ಮಾರುವ ಆತುರ ಇದೆ ಎಂದು ಜಡ್ಜ್‌ಗೆ ತಾನಾಗಿಯೇ ಕಾಣುತ್ತದೆ.

ಮಂಡ್ಯ ಗೌಡ
ಹೇಳುವುದು ಚೆನ್ನಾಗಿದೆ. ಆ ಒಂದು ದಿನದಲ್ಲಿ ಅಣ್ಣ ರಿಜಿಸ್ಟ್ರೇಶನ್ ಮಾಡಿಸಿದರೆ? ನಾನು ಈಗಲೂ ಅಕ್ಕನ ಕೈಯಲ್ಲೇ ಹಾಕಿಸಿ ಎನ್ನುತ್ತೇನೆ. ಅಕ್ಕನಿಗೂ ಹಕ್ಕಿದೆ, ಇದರಲ್ಲಿ ಮೋಸ ಏನು?

ಹಾಸನದ ವಕೀಲ
ಆ ಒಂದು ದಿನದ ಅಪಾಯ ಇದ್ದೇ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ದಾವೆ ದಾಖಲಾದ ಮೇಲೆ ಮಾರಿದರೆ ಆಸ್ತಿ ವರ್ಗಾವಣೆ ಕಾಯಿದೆಯ 52ನೇ ಸೆಕ್ಷನ್ ಇದೆ. ದಾವೆಗೆ ಮೊದಲು ಮಾರಿದ್ದರೆ ಆ ರಕ್ಷಣೆ ಇಲ್ಲ. ಅದಕ್ಕೇ ದಾವೆ ಬೇಗ ನಂಬರ್ ಆಗಲಿ ಎನ್ನುವುದು.

ದಾವಣಗೆರೆ ಅಕ್ಕ
52 ಎಂದರೆ ಕೇಸು ನಡೆಯುವಾಗ ಮಾರಿದ ಕ್ರಯವೇ ರದ್ದು ಅಲ್ವಾ? ಮತ್ತೆ ತಡೆಯಾಜ್ಞೆ ಯಾಕೆ ಬೇಕು?

ಹಾಸನದ ವಕೀಲ
ರದ್ದಾಗುವುದಿಲ್ಲ ಅಕ್ಕ. ಕ್ರಯ ನಿಲ್ಲುತ್ತದೆ, ಆದರೆ ಕೊಂಡವರು ಕೇಸಿನ ತೀರ್ಪಿಗೆ ಕಟ್ಟುಬಿದ್ದಿರುತ್ತಾರೆ. ತೀರ್ಪಿನಲ್ಲಿ ಅಣ್ಣನಿಗೆ 50 ಗುಂಟೆ ಬಂದರೆ ಕೊಂಡವರಿಗೂ ಆ 50 ಗುಂಟೆಯೇ. ತಂಗಿಯರ 100 ಗುಂಟೆಗೆ ಆ ಕ್ರಯಪತ್ರ ತಗಲುವುದಿಲ್ಲ.

ಕಾಗದದ ಮೇಲೆ ಇದು ಚೆಂದ. ತೋಟದಲ್ಲಿ ಏನಾಗುತ್ತದೆ ನೋಡಿ. ಕೊಂಡವರು ಬೇಲಿ ಹಾಕುತ್ತಾರೆ, ಮರ ಕಡಿಸುತ್ತಾರೆ, ಬ್ಯಾಂಕಿಗೆ ಅಡ ಇಡುತ್ತಾರೆ, ನಾಲ್ಕು ಜನಕ್ಕೆ ತುಂಡು ಮಾಡಿ ಮಾರುತ್ತಾರೆ. ಪ್ರತಿಯೊಬ್ಬರೂ ಕೇಸಿಗೆ ಸೇರುತ್ತಾರೆ, ಒಬ್ಬೊಬ್ಬರಿಗೂ ಒಬ್ಬ ವಕೀಲ. ಮೂರು ಜನರ ಕೇಸು ಹತ್ತು ಜನರದ್ದಾಗುತ್ತದೆ. ಇದನ್ನು ತಡೆಯುವುದಕ್ಕೆ ತಡೆಯಾಜ್ಞೆ. ಜಡ್ಜ್ ಮುಂದೆ ಹೇಳಬೇಕಾದ ಮಾತೂ ಇದೇ. ಮೇಲ್ನೋಟಕ್ಕೆ ಹಕ್ಕು ಇದೆ ಎಂದು ವಂಶವೃಕ್ಷ ತೋರಿಸುತ್ತದೆ. ಮಾರಾಟ ತಡೆದರೆ ಅಣ್ಣನಿಗೆ ಆಗುವ ತೊಂದರೆಗಿಂತ ಬಿಟ್ಟರೆ ತಂಗಿಯರಿಗೆ ಆಗುವುದು ಜಾಸ್ತಿ. ಕಡಿದ ತೆಂಗಿನ ಮರಕ್ಕೆ ದುಡ್ಡಿನಲ್ಲಿ ಪರಿಹಾರ ಇಲ್ಲ. ಅಫಿಡವಿಟ್‌ನಲ್ಲಿ ಕರಾರು ಯಾರ ಜೊತೆ ಆಗಿದೆ, ನಿಮಗೆ ಹೇಗೆ ಗೊತ್ತಾಯಿತು ಎಂದು ಬರೆಯಿರಿ. "ಮಾರುವ ಸಾಧ್ಯತೆ ಇದೆ" ಎಂದು ತೇಲಿಸಿ ಬರೆದರೆ ಸಾಲದು.

ಬೆಂಗಳೂರು ರಮ್ಯ
ಪಾಲಿನ ದಾವೆ ಎಂದರೆ ವರ್ಷಗಟ್ಟಲೆ. ಬರೀ "ಮಾರಬೇಡ" ಎಂದು ಇಂಜಂಕ್ಷನ್ ಕೇಸು ಹಾಕಿದರೆ ಸಾಕಲ್ಲವಾ? ಫೀಜೂ ಕಮ್ಮಿ ಇರುತ್ತದೆ.

ಹಾಸನದ ವಕೀಲ
ಬೇಡ. ಕುಟುಂಬದ ಯಜಮಾನ ಮಾರದಂತೆ ಬರೀ ಇಂಜಂಕ್ಷನ್ ಕೇಳುವ ದಾವೆ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ಸುನಿಲ್ ಕುಮಾರ್ ಕೇಸಿನಲ್ಲಿ ಹೇಳಿದೆ. ಅಣ್ಣನ ವಕೀಲರು "ನಾನೇ ಯಜಮಾನ, ಮನೆಯ ಅಗತ್ಯಕ್ಕೆ ಮಾರುತ್ತಿದ್ದೇನೆ" ಎಂದು ಆ ತೀರ್ಪನ್ನೇ ಎತ್ತುತ್ತಾರೆ. ಪಾಲು ಕೇಳಿ, ಅದರೊಳಗೆ ತಡೆಯಾಜ್ಞೆ ಕೇಳಿದರೆ ಆ ಬಾಗಿಲು ಮುಚ್ಚುತ್ತದೆ.

ನಿವೃತ್ತ ಶಿರಸ್ತೇದಾರ
ಫೀಜಿನ ಚಿಂತೆ ಬೇಡ. ಜಂಟಿ ಸ್ವಾಧೀನದಲ್ಲಿದ್ದೇವೆ ಎಂದು ಹೇಳಿ ಪಾಲು ಕೇಳಿದರೆ ನಮ್ಮ ಕೋರ್ಟ್ ಫೀ ಕಾಯಿದೆಯ 35(2)ರಲ್ಲಿ ಗರಿಷ್ಠ 200 ರೂಪಾಯಿ. "ನನ್ನನ್ನು ತೋಟದಿಂದ ಹೊರಗೆ ಹಾಕಿದ್ದಾರೆ" ಎಂದು ಬರೆದರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಬೀಳುತ್ತದೆ. ಕೋಪದಲ್ಲಿ ಹಾಗೆ ಬರೆಸಿಬಿಡುತ್ತಾರೆ. ಅಣ್ಣ ತೋಟ ನೋಡಿಕೊಂಡರೆ ಅದು ಎಲ್ಲ ಪಾಲುದಾರರ ಪರವಾಗಿ ಇದ್ದ ಹಾಗೆ. ನಡೆದದ್ದು ಹಾಗಿದ್ದರೆ ಹಾಗೇ ಬರೆಸಿ.

ಬಯಲುಸೀಮೆ ರೈತ
200 ರೂಪಾಯಿಗೆ ಒಬ್ಬನ ಬದುಕು ನಿಲ್ಲಿಸಬಹುದು ಎಂದಾಯಿತು. ಅವನು ಅಡ್ವಾನ್ಸ್ ದುಡ್ಡನ್ನು ಸಾಲಕ್ಕೆ ಕಟ್ಟಿದ್ದರೆ ಏನು ಮಾಡಬೇಕು?

ಹಾಸನದ ವಕೀಲ
ತನ್ನ 50 ಗುಂಟೆ ಬಿಡಿಸಿಕೊಂಡು ಮಾರಲಿ. ಹಾಗೆ ಒಪ್ಪಿದರೆ ರಾಜಿಯಲ್ಲೇ ಮುಗಿಯುತ್ತದೆ. ಕರಾರು ಮಾಡಿಕೊಂಡ ಬೆಂಗಳೂರಿನವರನ್ನೂ ಪ್ರತಿವಾದಿ ಮಾಡಿ. ಇಲ್ಲದಿದ್ದರೆ "ಜಗಳ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ" ಎನ್ನುತ್ತಾರೆ. ದಾವೆಗೆ ಮೊದಲೇ ಅವರಿಗೆ ಒಂದು ಲೀಗಲ್ ನೋಟಿಸ್ ಹೋದರೆ ಇನ್ನೂ ಒಳ್ಳೆಯದು. ಎಷ್ಟೋ ಕೊಳ್ಳುವವರು ನೋಟಿಸ್ ನೋಡಿದ ದಿನವೇ ಅಡ್ವಾನ್ಸ್ ವಾಪಸ್ ಕೇಳುತ್ತಾರೆ.

ಶಿರಸಿ ಭಟ್ಟ
ನೋಟಿಸ್ ಮೊದಲು ಹೋದರೆ ಅವರು ಎಚ್ಚೆತ್ತು ಬೇಗ ರಿಜಿಸ್ಟರ್ ಮಾಡಿಸಿಕೊಳ್ಳುವುದೂ ಉಂಟು. ಇವರ ಕೇಸಿನಲ್ಲಿ ಅಣ್ಣ ಕೇವಿಯಟ್ ಹಾಕಿ ಆಗಿದೆ. ಇನ್ನು ನೋಟಿಸ್ ಕೊಟ್ಟು ಕಾಯಬೇಡಿ, ದಾವೆ ಹಾಕಿದ ದಿನವೇ ಕಳಿಸಿ.

ಹಾಸನದ ವಕೀಲ
ಈ ಕೇಸಿಗೆ ಭಟ್ಟರ ಮಾತೇ ಸರಿ.

ಬೆಂಗಳೂರು ರಮ್ಯ
ಸಬ್ ರಿಜಿಸ್ಟ್ರಾರನ್ನೂ ಪ್ರತಿವಾದಿ ಮಾಡಿದರೆ ಅವರೇ ನಿಲ್ಲಿಸುತ್ತಾರೆ ಅಲ್ವಾ?

ನಿವೃತ್ತ ಶಿರಸ್ತೇದಾರ
ಸರ್ಕಾರಿ ಅಧಿಕಾರಿಯನ್ನು ಸೇರಿಸಿದರೆ ಸಿಪಿಸಿ ಸೆಕ್ಷನ್ 80ರಲ್ಲಿ ಎರಡು ತಿಂಗಳ ನೋಟಿಸ್ ಕೊಡಬೇಕು, ಇಲ್ಲ ಕೋರ್ಟಿನ ವಿನಾಯಿತಿ ಕೇಳಬೇಕು. ತುರ್ತಿನಲ್ಲಿ ಅದೊಂದು ಹೆಚ್ಚುವರಿ ಕಗ್ಗಂಟು. ಆದೇಶದ ದೃಢೀಕೃತ ಪ್ರತಿ ಕೊಟ್ಟು ಸ್ವೀಕೃತಿ ತಗೊಂಡರೆ ಸಾಕು.

ದಾವಣಗೆರೆ ಅಕ್ಕ
ಸಾಕು ಎನ್ನಬೇಡಿ ಸರ್. ನಮ್ಮ ಕಡೆ ಪ್ರತಿ ಕೊಟ್ಟರೂ "ನಾವು ಕೇಸಿನಲ್ಲಿ ಪಾರ್ಟಿ ಅಲ್ಲ" ಎಂದರು. ನನ್ನ ಅನುಭವದಲ್ಲಿ ಸೇರಿಸುವುದೇ ಮೇಲು.

ಹಾಸನದ ವಕೀಲ
ಇದರಲ್ಲಿ ವಕೀಲರಲ್ಲೇ ಎರಡು ಪಂಗಡ ಇದೆ. ಬರೀ ತಕರಾರು ಪತ್ರ ಕೊಟ್ಟರೆ ಸಬ್ ರಿಜಿಸ್ಟ್ರಾರ್ ನಿಲ್ಲಿಸಬೇಕಾಗಿಲ್ಲ, ಮಾಲೀಕತ್ವ ತೀರ್ಮಾನಿಸುವ ಕೆಲಸ ಅವರದಲ್ಲ. ಕೋರ್ಟ್ ಆದೇಶ ಇದ್ದಾಗ ಹೆಚ್ಚಿನವರು ಗೌರವಿಸುತ್ತಾರೆ. ಆದೇಶ ಮೀರಿ ಮಾರಿದವರ ಮೇಲಂತೂ ಆರ್ಡರ್ 39ರ ರೂಲ್ 2ಎ ಇದೆ: ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಜೈಲು.

ದಾವಣಗೆರೆ ಅಕ್ಕ
ಇನ್ನೊಂದು ಮಾತು, ದಯವಿಟ್ಟು ಗಮನಿಸಿ. ನಮ್ಮ ದಾವೆಯಲ್ಲಿ ಹಳೇ ಪಹಣಿ ನೋಡಿ ಸರ್ವೆ ನಂಬರ್ ಬರೆಸಿದ್ದೆವು. ನಡುವೆ ಪೋಡಿ ಆಗಿ ಹಿಸ್ಸಾ ನಂಬರ್ ಬದಲಾಗಿತ್ತು. ತಡೆಯಾಜ್ಞೆ ಹಳೇ ನಂಬರಿಗೆ ಬಂತು, ಚಿಕ್ಕಪ್ಪ ಹೊಸ ನಂಬರಿನಲ್ಲಿ ಮಾರಿದರು. ಕಂಪ್ಯೂಟರಿನಲ್ಲಿ ಆ ನಂಬರಿಗೆ ಯಾವ ತಡೆಯೂ ಕಾಣಲಿಲ್ಲ. ಈಗ ಕೊಂಡವರ ಜೊತೆ ಬಡಿದಾಡುತ್ತಿದ್ದೇವೆ. ದಾವೆಗೆ ಮುಂಚೆ ಹೊಸ ಪಹಣಿ, ಮ್ಯುಟೇಶನ್ ಪ್ರತಿ, ಇ.ಸಿ. ಮೂರನ್ನೂ ತೆಗೆಸಿ ನಂಬರ್, ವಿಸ್ತೀರ್ಣ, ಚೆಕ್ಕುಬಂದಿ ತಾಳೆ ನೋಡಿ.

ಕಲ್ಪತರು ನಾಡಿನವಳು
ಅಕ್ಕ, ತುಂಬಾ ಉಪಕಾರ. ನಿಮ್ಮ ಮಾತು ಕೇಳಿ ನೋಡಿದೆವು. ಒಂದೇ ಸರ್ವೆ ನಂಬರ್ ಎಂದುಕೊಂಡಿದ್ದ ತೋಟ ಪಹಣಿಯಲ್ಲಿ ಎರಡು ಹಿಸ್ಸಾ ಆಗಿದೆ. ಎರಡನ್ನೂ ಸೇರಿಸಿದ್ದಾರೆ. ಊರಿನ ಮನೆಯನ್ನೂ ಸೇರಿಸಲು ನಮ್ಮ ವಕೀಲರು ಹೇಳಿದರು. ಕುಟುಂಬದ ಆಸ್ತಿ ಬಿಟ್ಟುಹೋದರೆ ಅದನ್ನೇ ತಕರಾರು ಮಾಡುತ್ತಾರಂತೆ.

ಅಕ್ಕ, ನಾನು ಇಬ್ಬರೂ ವಾದಿಗಳು. ಅಕ್ಕನ ಹೆಸರಿನಲ್ಲಿ ಮಾತ್ರ ಹಾಕುವುದು ಬೇಡ ಎಂದು ಅವರೂ ಹೇಳಿದರು. ಕೇವಿಯಟ್ ಇದೆ ಎಂದು ಅರ್ಜಿಯಲ್ಲೇ ಬರೆದಿದ್ದಾರೆ.

ಮಂಡ್ಯ ಗೌಡ
ನಿಮ್ಮಿಷ್ಟ. ಒಳ್ಳೆಯದಾಗಲಿ.

ಕಲ್ಪತರು ನಾಡಿನವಳು
ಕೋರ್ಟ್‌ನಿಂದ ಈಗ ಬಂದೆ. ಅಣ್ಣನ ವಕೀಲರು ಬಂದಿದ್ದರು, ತಕರಾರು ಹಾಕಲು ಸಮಯ ಕೇಳಿದರು. ಅಲ್ಲಿಯವರೆಗೆ ಮಾರುವುದಿಲ್ಲ ಎಂದು ಬರೆದುಕೊಡುತ್ತೀರಾ ಎಂದು ಜಡ್ಜ್ ಕೇಳಿದಾಗ, ಕಕ್ಷಿದಾರರನ್ನು ಕೇಳಿ ಹೇಳಬೇಕು ಎಂದರು. ಆಗ ಎರಡೂ ಕಡೆಯವರು ಪಹಣಿಯಲ್ಲಿರುವ ಆಸ್ತಿಯನ್ನು ಮುಂದಿನ ದಿನಾಂಕದವರೆಗೆ ಯಾರಿಗೂ ಪರಭಾರೆ ಮಾಡದೆ ಯಥಾಸ್ಥಿತಿ ಕಾಪಾಡಬೇಕು ಎಂದು ಆದೇಶ ಆಯಿತು. ಅಣ್ಣ ಹೊರಗೆ ನಿಂತಿದ್ದ, ಮಾತಾಡಲಿಲ್ಲ. ಅಕ್ಕ ತುಂಬಾ ಅತ್ತಳು. ನಾವು ಮೂವರೂ ಹೀಗೆ ಕೋರ್ಟಿನಲ್ಲಿ ನಿಲ್ಲುವ ದಿನ ಬರುತ್ತದೆ ಎಂದು ಅಪ್ಪ ಅಂದುಕೊಂಡಿರಲಿಕ್ಕಿಲ್ಲ.

ಶಿರಸಿ ಭಟ್ಟ
ಒಳ್ಳೆಯದಾಯಿತು. ಈಗ ಜಾಗ್ರತೆಯ ಮಾತು. "ಮುಂದಿನ ದಿನಾಂಕದವರೆಗೆ" ಎನ್ನುವ ಆದೇಶ ಆ ದಿನಕ್ಕೆ ಮುಗಿಯುತ್ತದೆ. ನಮ್ಮ ಅಡಿಕೆ ತೋಟದ ಕೇಸಿನಲ್ಲಿ ಅವತ್ತು ಜಡ್ಜ್ ರಜೆ, ಕೇಸು ಮುಂದಕ್ಕೆ ಹೋಯಿತು. ಆದೇಶ ಮುಂದುವರಿಸಿ ಎಂದು ಯಾರೂ ಕೇಳಲಿಲ್ಲ. ಆ ಸಂದಿಯಲ್ಲಿ ದಾಯಾದಿಗಳು ಅರ್ಧ ತೋಟ ಬರೆದುಕೊಟ್ಟರು. ಪ್ರತಿ ದಿನಾಂಕಕ್ಕೂ "ಆದೇಶ ಮುಂದುವರಿದಿದೆ" ಎಂದು ಡೈರಿಯಲ್ಲಿ ಬರೆದಿದೆಯೇ ಎಂದು ನೀವೇ ನೋಡಿ.

ಹಾಸನದ ವಕೀಲ
ಭಟ್ಟರು ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ. ದೃಢೀಕೃತ ಪ್ರತಿ ಬಂದ ದಿನವೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಒಂದು, ತಹಶೀಲ್ದಾರ್ ಆಫೀಸಿಗೆ ಒಂದು ಕೊಡಿ. ಪಹಣಿಯ 11ನೇ ಕಾಲಂನಲ್ಲಿ ಕೋರ್ಟ್ ಆದೇಶ ನಮೂದಾಗಲಿ. ಕೊಳ್ಳುವವರು ಮೊದಲು ನೋಡುವುದು ಪಹಣಿ.

ಇನ್ನು ನೀವು ಮೊದಲ ದಿನ ಕೇಳಿದ ಕೇವಿಯಟ್. ಅದನ್ನು ಹಾಕುವ ಹೊತ್ತು ಈಗ ಬಂದಿದೆ. ಈ ಅರ್ಜಿಯ ಮೇಲೆ ನಿಮ್ಮ ಪರ ಪೂರ್ತಿ ಆದೇಶ ಆದರೆ ಅಣ್ಣ ಮೇಲ್ಮನವಿ ಹೋಗಬಹುದು. ಅದು ಯಾವ ಕೋರ್ಟಿಗೆ ಹೋಗುತ್ತದೆ ಎಂದು ನಿಮ್ಮ ವಕೀಲರನ್ನು ಕೇಳಿ. ಅಲ್ಲಿ ನಿಮಗೆ ಗೊತ್ತಾಗದೆ ಈ ಆದೇಶಕ್ಕೆ ತಡೆ ಬರಬಾರದು. ಅದಕ್ಕೆ ಅಲ್ಲಿ ನೀವು ಕೇವಿಯಟ್ ಹಾಕಿ, ಅಣ್ಣನಿಗೂ ಬೆಂಗಳೂರಿನವರಿಗೂ ರಿಜಿಸ್ಟರ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. 90 ದಿನ ಮುಗಿದರೆ ಮತ್ತೆ ಹಾಕಿ.

ಬಯಲುಸೀಮೆ ರೈತ
ತಂಗೀ, ನಾನು ಗಟ್ಟಿಯಾಗಿ ಮಾತಾಡಿದೆ, ನನ್ನ ಮಾತು ಹಿಂದೆ ತಗೊಳ್ಳಲ್ಲ. ತೋಟ ನೋಡಿಕೊಂಡವನ ಕಷ್ಟ ನನಗೆ ಗೊತ್ತು. ಆದರೂ ಚಿಕ್ಕಪ್ಪನ ಕೈಯಲ್ಲಿ ಒಂದು ಮಾತು ಆಡಿಸಿ. ಅಣ್ಣನ 50 ಗುಂಟೆಯನ್ನು ನೀವಿಬ್ಬರೇ ಕೊಂಡುಕೊಳ್ಳಲು ಆಗುತ್ತದಾ ನೋಡಿ. ಸಾಲವೂ ತೀರುತ್ತದೆ, ತೋಟವೂ ಹೊರಗೆ ಹೋಗಲ್ಲ.

ಕಲ್ಪತರು ನಾಡಿನವಳು
ಇದನ್ನು ಅಕ್ಕನೂ ಹೇಳುತ್ತಿದ್ದಾಳೆ ಸರ್. ಇಬ್ಬರಿಗೂ ಅಷ್ಟು ದುಡ್ಡು ಹೊಂದಿಸಲು ಆಗುತ್ತದಾ ಗೊತ್ತಿಲ್ಲ. ಚಿಕ್ಕಪ್ಪನ ಹತ್ತಿರ ಮಾತಾಡುತ್ತೇನೆ. ಕೇಸು ನಡೆಯುವಾಗ ಕೊಬ್ಬರಿ ದುಡ್ಡು ಯಾರಿಗೆ ಸೇರಬೇಕು?

ಹಾಸನದ ವಕೀಲ
ಈಗಿನ ಆದೇಶದಲ್ಲಿ ಅದು ಬರುವುದಿಲ್ಲ. ದಾವೆಯಲ್ಲಿ ಆದಾಯದ ಲೆಕ್ಕ ಕೇಳಿದ್ದೀರಾ ಎಂದು ನೋಡಿ, ಇಲ್ಲದಿದ್ದರೆ ತಿದ್ದುಪಡಿ ಮಾಡಿಸಿ. ಪಾಲು ತೀರ್ಮಾನವಾದ ಮೇಲೆ ಅಣ್ಣನ ಖರ್ಚು ಕಳೆದು ಲೆಕ್ಕ ಆಗುತ್ತದೆ. ರಾಜಿ ಮಾತು ನಡೆದರೆ ಇದನ್ನೂ ಅದರಲ್ಲೇ ಸೇರಿಸಿ. ರಾಜಿಯಾದರೆ ಮನೆಯಲ್ಲಿ ಕಾಗದ ಬರೆದು ಸುಮ್ಮನಾಗಬೇಡಿ, ಕೋರ್ಟಿನಲ್ಲೇ ರಾಜಿ ಅರ್ಜಿ ಹಾಕಿ ಡಿಕ್ರಿ ಮಾಡಿಸಿ.